ಹೆಸರಿಲ್ಲದ ಟ್ರ್ಯಾಕು: ಮೂಲ ಗೀತೆಯನ್ನು ಹುಡುಕುವ ಬಗೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಾಠ)



ನಾನು ಸಂಗೀತ ವಿದ್ವಾಂಸನಲ್ಲ. ಯಂತ್ರಶಾಸ್ತ್ರವನ್ನು ಓದಿದವನೂ ಅಲ್ಲ. ನಮ್ಮ ಸಂಘದ ಗೀತಗಾಯನಕ್ಕೆ ಕರೋಕೆ ಟ್ರ್ಯಾಕುಗಳನ್ನು ಹೊಂದಿಸಿಕೊಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆ ಕೆಲಸದಲ್ಲಿ ಹೋದ ವರ್ಷ ಎದುರಾದ ಒಂದು ತೊಡಕನ್ನೂ, ಅದನ್ನು ಬಿಡಿಸಿದ ಬಗೆಯನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದ್ದಾರೆ. ಅಷ್ಟನ್ನೇ ಹೇಳಿ ಮುಗಿಸುತ್ತೇನೆ.

ಸಂಘದ ಹಿರಿಯ ಸದಸ್ಯರೊಬ್ಬರು ಕಳೆದ ವಾರ್ಷಿಕೋತ್ಸವಕ್ಕೆ ಎರಡು ವಾರವಿರುವಾಗ ತೀರಿಕೊಂಡರು. ಅಂದು ಅವರು ಒಂದು ಹಾಡು ಹಾಡುವವರಿದ್ದರು. ಯಾವ ಹಾಡೆಂದು ಯಾರಿಗೂ ತಿಳಿಸಿರಲಿಲ್ಲ. ತಿಂಗಳು ಕಳೆದ ಮೇಲೆ ಅವರ ಪತ್ನಿ ಮಗಳೊಡನೆ ನಮ್ಮ ಮನೆಗೆ ಬಂದು ಒಂದು ಪೆನ್ ಡ್ರೈವನ್ನು ನನ್ನ ಕೈಗಿತ್ತರು. "ಏಳನೆಯದನ್ನು ಹಾಕಿ ನೋಡಿ, ಅಣ್ಣ. ದಿನವೂ ಅದನ್ನೇ ಹಾಕಿಕೊಂಡು ಕೂರುತ್ತಿದ್ದರು. ಇದರಲ್ಲಿ ನಿನ್ನದೂ ಒಂದು ಪಾಲಿದೆ, ಆಮೇಲೆ ಕಲಿಸುತ್ತೇನೆ ಎಂದಿದ್ದರು. ಯಾವ ಹಾಡೆಂದು ಕೇಳುವುದು ನನಗೂ ಹೊಳೆಯಲಿಲ್ಲ" ಎಂದರು. ಕಡತದ ಹೆಸರು `Track 07.mp3`. ಅದರಲ್ಲಿ ವಾದ್ಯವಿತ್ತು, ತಾಳವಿತ್ತು; ಕಂಠವಿರಲಿಲ್ಲ.

ಕರೋಕೆ ಎಂಬ ಜಪಾನೀ ಮಾತಿನ ಅರ್ಥವೇ ಖಾಲಿ ವಾದ್ಯವೃಂದ ಎಂದು. ದೇವರ ವಿಗ್ರಹವನ್ನು ತೆಗೆದು ಪ್ರಭಾವಳಿಯನ್ನು ಮಾತ್ರ ನಿಲ್ಲಿಸಿದಂತೆ, ಹಾಡಿನ ಮುಖ್ಯ ರೇಖೆಯೇ ಅಲ್ಲಿ ಇರುವುದಿಲ್ಲ. ಹಾಡು ಗೊತ್ತಿದ್ದು ಟ್ರ್ಯಾಕು ಬೇಕಾದರೆ ಹುಡುಕುವುದು ಸುಲಭ. ಹೆಸರು ಬರೆದರೆ ಸಿಕ್ಕುತ್ತದೆ. ಟ್ರ್ಯಾಕು ಕೈಯಲ್ಲಿದ್ದು ಹಾಡೇ ಗೊತ್ತಿಲ್ಲದಿದ್ದರೆ ಏನೆಂದು ಬರೆದು ಹುಡುಕುವುದು? ನಮ್ಮ ಮುಂದಿದ್ದ ಪ್ರಶ್ನೆ ಅದು.

ಮೊದಲು ತಿಳಿಯಬೇಕಾದದ್ದು ಟ್ರ್ಯಾಕಿನ ಜಾತಿ. ಕಂಠವಿಲ್ಲದ ಸಂಗೀತವೆಲ್ಲ ಒಂದೇ ಬಗೆಯದಲ್ಲ. ಮೂಲ ಧ್ವನಿಮುದ್ರಣದಿಂದಲೇ ಕಂಠವನ್ನು ತೆಗೆದು ಉಳಿದದ್ದನ್ನು ಇಟ್ಟುಕೊಂಡದ್ದು ಒಂದು ಬಗೆ. ಮೂಲವನ್ನು ಕೇಳಿ ಯಾರೋ ಕೀಬೋರ್ಡಿನಲ್ಲಿ ಹೊಸದಾಗಿ ನುಡಿಸಿ ಕಟ್ಟಿದ್ದು ಎರಡನೆಯ ಬಗೆ. ಹಾಡಿನ ಸಾಲುಗಳನ್ನೇ ಕೊಳಲಲ್ಲೋ ಸ್ಯಾಕ್ಸೊಫೋನಿನಲ್ಲೋ ನುಡಿಸಿದ್ದು ಮೂರನೆಯದು. ಇದರಲ್ಲಿ ಮಟ್ಟು ಪೂರ್ತಿ ಇರುವುದರಿಂದ ಕಷ್ಟ ಕಡಿಮೆ. ತೊಡಕಿರುವುದು ಮೊದಲಿನ ಎರಡರಲ್ಲಿ.

ಆ ಎರಡನ್ನು ಬೇರ್ಪಡಿಸಿ ಗುರುತಿಸಲು ಒಳ್ಳೆಯ ಹೆಡ್‌ಫೋನು ಬೇಕು. ಕಂಠವನ್ನು ತೆಗೆದ ಟ್ರ್ಯಾಕಿನಲ್ಲಿ ಕಂಠ ಪೂರ್ತಿಯಾಗಿ ಹೋಗಿರುವುದಿಲ್ಲ. ಸಾಲು ಮುಗಿಯುವ ಎಡೆಗಳಲ್ಲಿ ಗಾಯಕರ ದನಿಯ ಮಾರ್ದನಿ ದೂರದಿಂದ ಬಂದಂತೆ ಕೇಳುತ್ತದೆ. ಸಕಾರ ಶಕಾರಗಳ ಸುಯ್ಲು ಅಲ್ಲಲ್ಲಿ ಉಳಿದಿರುತ್ತದೆ. ವಾದ್ಯಗಳೂ ಹಾಡಿನ ಭಾಗದಲ್ಲಿ ಸ್ವಲ್ಪ ಮಂಕಾಗಿ, ನಡುಸಂಗೀತದ ಭಾಗದಲ್ಲಿ ಒಮ್ಮೆಗೇ ಸ್ಪಷ್ಟವಾಗುತ್ತವೆ. ಈ ಕಂಠದ ನೆರಳು ಕೇಳಿಸಿದರೆ ಅದು ಮೂಲದಿಂದ ಬಂದದ್ದು. ಅದೃಷ್ಟವಿದ್ದರೆ ಆ ನೆರಳಿನಲ್ಲಿ ಒಂದೆರಡು ಮಾತುಗಳೂ ಸಿಕ್ಕಿ, ಭಾಷೆ ಯಾವುದೆಂದು ತಿಳಿಯಬಹುದು. ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಒಂದೇ ಸಮನಾಗಿ ಶುಭ್ರವಾಗಿದ್ದು, ತಬಲದ ಪೆಟ್ಟು ಪ್ರತಿ ಆವರ್ತದಲ್ಲಿಯೂ ಅಚ್ಚು ಹಾಕಿದಂತೆ ಒಂದೇ ಬಗೆಯಾಗಿ ಬಿದ್ದರೆ ಅದು ಕೀಬೋರ್ಡಿನಲ್ಲಿ ಕಟ್ಟಿದ್ದು.

ಈ ಭೇದ ಏಕೆ ಮುಖ್ಯವೆಂದರೆ, ಹುಡುಕುವ ಸಾಧನ ಅದರ ಮೇಲೆ ನಿಂತಿದೆ. ದೂರವಾಣಿಯನ್ನು ಹಾಡಿನ ಮುಂದೆ ಹಿಡಿದರೆ ಹೆಸರು ಹೇಳುವ ಶಾಜಾಮ್ ಎಂಬ ಸಾಧನವನ್ನು ನಮ್ಮ ಹುಡುಗರೆಲ್ಲರೂ ಬಲ್ಲರು. ಅದು ರಾಗವನ್ನು ಗುರುತಿಸುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಯಾವ ಕ್ಷಣದಲ್ಲಿ ಯಾವ ಯಾವ ಕಂಪನ ಎದ್ದು ಕೇಳುತ್ತದೆ ಎಂಬುದರ ಚುಕ್ಕೆಗಳನ್ನು ಮಾತ್ರ ಅದು ಹಿಡಿದು, ತನ್ನ ಭಂಡಾರದಲ್ಲಿರುವ ಚುಕ್ಕೆಗಳೊಡನೆ ಹೋಲಿಸುತ್ತದೆ. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸಿದಂತೆ ಅದು ಒಂದು ಧ್ವನಿಮುದ್ರಣವನ್ನು ಗುರುತಿಸುತ್ತದೆ. ಅದೇ ಗಾಯಕರು ಅದೇ ಹಾಡನ್ನು ಮರುದಿನ ಮತ್ತೆ ಹಾಡಿದರೂ ಅದಕ್ಕೆ ಅದು ಬೇರೆಯೇ ಆಸಾಮಿ.

ಆದುದರಿಂದ ಕೀಬೋರ್ಡಿನಲ್ಲಿ ಕಟ್ಟಿದ ಟ್ರ್ಯಾಕಿಗೆ ಇದರಿಂದ ಉಪಯೋಗ ಬಹಳ ಕಡಿಮೆ. ಕಂಠ ತೆಗೆದ ಟ್ರ್ಯಾಕಿಗಾದರೆ ಉಪಯೋಗವುಂಟು. ಆದರೆ ದೂರವಾಣಿಯನ್ನು ಎಲ್ಲಿ ಹಿಡಿಯಬೇಕೆಂದು ತಿಳಿದಿರಬೇಕು. ಪಲ್ಲವಿಯ ಭಾಗದಲ್ಲಿ ಮೂಲದ ಪ್ರಬಲ ಚುಕ್ಕೆಗಳಲ್ಲಿ ಹೆಚ್ಚಿನವು ಕಂಠದವು. ಅವು ಈಗ ಅಲ್ಲಿ ಇಲ್ಲ. ಹಾಡು ತೊಡಗುವ ಮುಂಚಿನ ಸಂಗೀತದಲ್ಲಿಯೂ ಚರಣಗಳ ನಡುವಣ ಸಂಗೀತದಲ್ಲಿಯೂ ಮೂಲದಲ್ಲಿಯೇ ಕಂಠವಿರಲಿಲ್ಲವಾದ್ದರಿಂದ ಆ ಭಾಗಗಳು ಹೆಚ್ಚುಕಡಿಮೆ ಇದ್ದಂತೆಯೇ ಉಳಿದಿರುತ್ತವೆ. ಅಲ್ಲಿ ಹಿಡಿಯಬೇಕು. ಒಂದು ಕಡೆ ಫಲಿಸದಿದ್ದರೆ ಇನ್ನೊಂದು ನಡುಸಂಗೀತದಲ್ಲಿ ಹಿಡಿಯಬೇಕು. ಯಾರಾದರೂ ಶ್ರುತಿಯನ್ನೋ ವೇಗವನ್ನೋ ಬದಲಿಸಿದ್ದರೆ ಮಾತ್ರ ಚುಕ್ಕೆಗಳು ಸ್ಥಳ ಬಿಟ್ಟು, ಈ ಪ್ರಯತ್ನವೂ ಸೋಲುವುದುಂಟು.

ನಮ್ಮ ಏಳನೆಯ ಟ್ರ್ಯಾಕಿನಲ್ಲಿ ನೆರಳಿರಲಿಲ್ಲ. ಆದರೂ ಮೂರು ಕಡೆ ಹಿಡಿದು ನೋಡಿದೆ. ಮೂರು ಸಲವೂ ಹೆಸರು ಬರಲಿಲ್ಲ. ಅದು ಕಟ್ಟಿದ ಟ್ರ್ಯಾಕೆಂಬುದು ಖಚಿತವಾಯಿತು.

ಎರಡನೆಯ ದಾರಿ ಗುನುಗಿ ಹುಡುಕುವುದು. ಗೂಗಲ್ ಸಂಸ್ಥೆ 2020ರ ಅಕ್ಟೋಬರಿನಲ್ಲಿ ಈ ಅನುಕೂಲವನ್ನು ತನ್ನ ಆ್ಯಪಿನಲ್ಲಿ ಒದಗಿಸಿತು. ಮೈಕಿನ ಗುರುತನ್ನು ಒತ್ತಿ, ಹಾಡನ್ನು ಹುಡುಕು ಎಂಬುದನ್ನು ಆರಿಸಿಕೊಂಡು, ಹತ್ತರಿಂದ ಹದಿನೈದು ಸೆಕೆಂಡು ಗುನುಗಿದರೆ, ಹೋಲುವ ಹಾಡುಗಳ ಪಟ್ಟಿಯನ್ನು ಅದು ಕೊಡುತ್ತದೆ. ಇದು ಬೆರಳಚ್ಚನ್ನು ನೋಡುವುದಿಲ್ಲ. ಮಟ್ಟಿನ ಏರಿಳಿತವನ್ನು ನೋಡುತ್ತದೆ. ಯಾರ ಕಂಠವಾದರೂ ಯಾವ ಶ್ರುತಿಯಾದರೂ ನಡೆಯುತ್ತದೆ. ಆದರೆ ಇಲ್ಲಿ ಒಂದು ವಿಪರೀತವುಂಟು: ಗುನುಗಲು ಮಟ್ಟು ಬೇಕು, ಟ್ರ್ಯಾಕಿನಲ್ಲಿ ಇಲ್ಲದಿರುವುದೇ ಅದು! ನಡುಸಂಗೀತವನ್ನು ಗುನುಗಿ ನೋಡಿದೆ. ಬಂದ ಹೆಸರುಗಳಲ್ಲಿ ಒಂದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಹಾಡುವ ಸಾಲಿನಿಂದಲೇ ಇಂಥ ಹುಡುಕಾಟ ಚೆನ್ನಾಗಿ ಫಲಿಸುತ್ತದೆ.

ಇಂಥಲ್ಲಿ ಯಂತ್ರವನ್ನು ಬದಿಗಿಟ್ಟು ಮನುಷ್ಯರ ಬಳಿಗೆ ಹೋಗಬೇಕು. ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯಿನಿಯವರನ್ನು ನಾವೆಲ್ಲ ಟೀಚರಮ್ಮ ಎನ್ನುತ್ತೇವೆ. ರೇಡಿಯೋದ ಹಾಡುಗಳನ್ನು ಕೇಳುತ್ತ ವಯಸ್ಸು ಕಳೆದವರು. ಟ್ರ್ಯಾಕನ್ನು ಅವರ ಮುಂದೆ ಹಾಕಿ, "ಹೆಸರು ಬೇಡ, ಟೀಚರಮ್ಮ; ಇದರ ಮೇಲೆ ಬಾಯಿಗೆ ಬಂದದ್ದನ್ನು ಗುನುಗಿ" ಎಂದೆ. ಮೊದಲ ಸಲ ಸುಮ್ಮನೆ ಕೇಳಿದರು. ಎರಡನೆಯ ಸಲ ಮುನ್ನುಡಿಯ ಸಂಗೀತ ಮುಗಿದ ಕೂಡಲೇ, ಮಾತಿಲ್ಲದೆ, ಲಕಾರದಲ್ಲಿ ಎರಡು ಸಾಲು ಎಳೆದರು. "ಮಾತು ನಾಲಗೆಯ ತುದಿಯಲ್ಲಿದೆ, ಬರುತ್ತಿಲ್ಲ" ಎಂದರು. ನಮಗೆ ಬೇಕಾದದ್ದು ಅಷ್ಟೇ ಆಗಿತ್ತು.

ಅವರ ಗುನುಗನ್ನು ಯಂತ್ರಕ್ಕೆ ಕೇಳಿಸುವಾಗ ಒಂದು ತಪ್ಪು ಮಾಡಿದೆ. ತಾವು ಮಾಡಬಾರದೆಂದು ಹೇಳುತ್ತೇನೆ. ಟ್ರ್ಯಾಕು ಪಕ್ಕದಲ್ಲಿ ನುಡಿಯುತ್ತಿರುವಾಗಲೇ ದೂರವಾಣಿಯನ್ನು ಹಿಡಿದೆ. ಕೀಬೋರ್ಡಿನ ಸದ್ದೂ ಗುನುಗೂ ಕಲೆತು, ಬಂದ ಪಟ್ಟಿ ಅಸಂಬದ್ಧವಾಯಿತು. ಬಳಿಕ ಟ್ರ್ಯಾಕನ್ನು ಅವರ ಕಿವಿಗೆ ಮಾತ್ರ ಕೇಳುವಂತೆ ಹೆಡ್‌ಫೋನಿನಲ್ಲಿ ಹಾಕಿ, ಕೋಣೆಯಲ್ಲಿ ಅವರ ದನಿಯೊಂದೇ ಇರುವಂತೆ ಮಾಡಿದೆವು. ಪಲ್ಲವಿಯ ಮೊದಲಿನಿಂದ ತಡೆಯದೆ ಹದಿನೈದು ಸೆಕೆಂಡು ಗುನುಗಿದರು. ಪಟ್ಟಿಯ ತಲೆಯಲ್ಲಿ ಒಂದು ತೆಲುಗು ಹಾಡು ಬಂದಿತು: 1975ರ "ಪೂಜ" ಚಿತ್ರದ "ಎನ್ನೆನ್ನೋ ಜನ್ಮಲ ಬಂಧಂ".

ಕೋಣೆಯಲ್ಲಿದ್ದ ನಾಲ್ವರಲ್ಲಿ ಎರಡು ಪಕ್ಷಗಳಾದವು. ತೆಲುಗು ನಮ್ಮ ಸೀಮೆಯಲ್ಲಿ ಅಂಗಡಿಯ ಮಾತು, ಕಚೇರಿಯ ಮಾತು, ಯಾರಿಗೂ ಪರಕೀಯವಲ್ಲ. ಆದರೂ ಕನ್ನಡ ಸಂಘದ ಉತ್ಸವಕ್ಕೆಂದು ಅವರು ತೆಲುಗು ಹಾಡನ್ನು ಅಭ್ಯಾಸ ಮಾಡುತ್ತಿದ್ದರೇ ಎಂದು ಒಬ್ಬರು ಕೇಳಿದರು. ಯಂತ್ರವೇ ಹೇಳಿದ ಮೇಲೆ ಮತ್ತೇನು ಎಂದು ಇನ್ನೊಬ್ಬರು. ಆ ತಾಯಿ ಮಾತಾಡಲಿಲ್ಲ.

ಇಲ್ಲಿಯೇ ಎಚ್ಚರ ಬೇಕು. ಯಂತ್ರ ಹೇಳಿದ್ದು ಮಟ್ಟಿನ ಹೆಸರನ್ನು. ಆ ಮಟ್ಟು ಒಂದೇ ಹಾಡಿನದೆಂದು ಅದು ಹೇಳಲಿಲ್ಲ. ಒಂದು ಮಟ್ಟಿಗೆ ಹಲವು ಸಾಹಿತ್ಯ ನಮ್ಮಲ್ಲಿ ಹಳೆಯ ಪದ್ಧತಿ. ಮುತ್ತುಸ್ವಾಮಿ ದೀಕ್ಷಿತರು ಆಂಗ್ಲರ ರಾಜಗೀತೆಯ ಮಟ್ಟಿಗೆ "ಸಂತತಂ ಪಾಹಿಮಾಂ" ಎಂದು ಸಂಸ್ಕೃತ ಸಾಹಿತ್ಯವನ್ನು ಕೂರಿಸಿದ್ದರು. ದಕ್ಷಿಣದ ಚಲನಚಿತ್ರಗಳಲ್ಲಂತೂ ಒಂದು ಭಾಷೆಯ ಕಥೆಯನ್ನು ಇನ್ನೊಂದಕ್ಕೆ ತಂದಾಗ ಮಟ್ಟುಗಳೂ ಕಥೆಯ ಹಿಂದೆ ಬಂದುದು ಎಷ್ಟೋ ಸಲ. ಆದುದರಿಂದ ಉತ್ತರ ಬಂದ ಕೂಡಲೇ ಮುಂದಿನ ಪ್ರಶ್ನೆ ಹಾಕಬೇಕು: ಈ ಚಿತ್ರದ ಸಂಗೀತ ಯಾರದು? ಈ ಚಿತ್ರ ಬೇರೆ ಭಾಷೆಯಿಂದ ಬಂದದ್ದೇ, ಬೇರೆ ಭಾಷೆಗೆ ಹೋದದ್ದೇ?

"ಪೂಜ" ಚಿತ್ರದ ಸಂಗೀತ ರಾಜನ್-ನಾಗೇಂದ್ರ ಸೋದರರದು. ಆ ಹೆಸರು ಕೇಳಿದ ಮೇಲೆ ಹಾದಿ ನೇರವಾಯಿತು. ಆ ಚಿತ್ರ 1974ರ ಕನ್ನಡ ಚಿತ್ರ "ಎರಡು ಕನಸು"ವಿನ ತೆಲುಗು ರೂಪ. ಕನ್ನಡದಲ್ಲಿಯೂ ಸಂಗೀತ ಅದೇ ಸೋದರರದು. ಅಲ್ಲಿ ಇದೇ ಮಟ್ಟಿನ ಗೀತೆ "ಎಂದೆಂದೂ ನಿನ್ನನು ಮರೆತು", ರಚನೆ ಚಿ. ಉದಯಶಂಕರ್ ಅವರದು. ಆ ಹೆಸರು ಕೇಳಿದೊಡನೆ ಟೀಚರಮ್ಮನ ನಾಲಗೆಯ ತುದಿಯಲ್ಲಿದ್ದ ಮಾತುಗಳೆಲ್ಲ ಹೊರಗೆ ಬಂದವು. ಅದು ಯುಗಳ ಗೀತೆ. ಕನ್ನಡದಲ್ಲಿ ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ಹಾಡಿದ್ದಾರೆ, ತೆಲುಗಿನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಅದೇ ವಾಣಿ ಜಯರಾಂ. ನಿನ್ನದೂ ಒಂದು ಪಾಲಿದೆ ಎಂದು ಅವರು ಹೇಳಿದ್ದ ಮಾತಿನ ಅರ್ಥ ಆಗ ನಮಗೆ ತಿಳಿಯಿತು.

ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಲಿಲ್ಲ. ಸಿಕ್ಕಿದ್ದು ನಿಜವೇ ಎಂದು ಪರೀಕ್ಷಿಸಬೇಕು. ಪಲ್ಲವಿ ಟ್ರ್ಯಾಕಿನ ಮೇಲೆ ಕೂರುತ್ತದೆ ಎಂಬುದು ಸಾಲದು. ಒಂದೇ ತಾಳದ, ಒಂದೇ ಬಗೆಯ ಸ್ವರಮೇಳದ ಹಿನ್ನೆಲೆಯ ಮೇಲೆ ಬೇರೆ ಬೇರೆ ಹತ್ತು ಪಲ್ಲವಿಗಳು ಕೂತಾವು. ನೋಡಬೇಕಾದದ್ದು ಎರಡು. ಒಂದು, ಮೂಲದ ನಡುಸಂಗೀತದ ಮಟ್ಟೇ ಟ್ರ್ಯಾಕಿನ ನಡುಸಂಗೀತದಲ್ಲಿ ಇದೆಯೇ ಎಂಬುದು. ಹಿನ್ನೆಲೆಯ ಸ್ವರಮೇಳ ಎಷ್ಟೋ ಹಾಡುಗಳಿಗೆ ಸಾಮಾನ್ಯವಾದರೂ ನಡುಸಂಗೀತ ಆಯಾ ಹಾಡಿನ ಸ್ವಂತದ್ದು. ಇನ್ನೊಂದು, ಚರಣಗಳ ಲೆಕ್ಕ: ಮೂಲದಲ್ಲಿ ಚರಣ ತೊಡಗುವೆಡೆಯಲ್ಲಿ ಟ್ರ್ಯಾಕಿನಲ್ಲಿಯೂ ತೊಡಗಲು ಎಡೆ ಇದೆಯೇ, ಕೊನೆಯ ಪಲ್ಲವಿ ಮುಗಿಯುವಾಗ ಟ್ರ್ಯಾಕೂ ಮುಗಿಯುತ್ತದೆಯೇ ಎಂಬುದು. ಕಟ್ಟಿದ ಟ್ರ್ಯಾಕಾದರೆ ವೇಗ ಮೂಲಕ್ಕಿಂತ ತುಸು ಬೇರೆಯಾಗಿ ಎರಡನ್ನೂ ಒಟ್ಟಿಗೆ ಹಾಕಿದಾಗ ಮೆಲ್ಲಮೆಲ್ಲನೆ ಒಂದು ಮುಂದೆ ಹೋಗಬಹುದು; ಅದು ದೋಷವಲ್ಲ. ಚರಣದ ಲೆಕ್ಕ ತಪ್ಪಿದರೆ ಮಾತ್ರ ಸಂಶಯಪಡಬೇಕು. ನಮ್ಮ ಟ್ರ್ಯಾಕು ಎರಡು ಪರೀಕ್ಷೆಗಳಲ್ಲಿಯೂ ನಿಂತಿತು.

ಇನ್ನು ಉಳಿದ ಪ್ರಶ್ನೆ ಒಂದೇ: ಅವರು ಅಭ್ಯಾಸ ಮಾಡುತ್ತಿದ್ದುದು ಕನ್ನಡವನ್ನೋ ತೆಲುಗನ್ನೋ? ಶ್ರುತಿಯಿಂದ ತಿಳಿದೀತೆಂದು ಕೆಲವರು ಸೂಚಿಸಿದರು. ಎರಡು ಭಾಷೆಗಳಲ್ಲಿ ಗಂಡುಕಂಠ ಬೇರೆ ಬೇರೆಯಾದುದರಿಂದ ಈ ಊಹೆ ಸಹಜ. ಆದರೆ ಇದನ್ನು ನಂಬಬಾರದು. ವೇಗ ಬದಲಾಗದಂತೆ ಶ್ರುತಿಯನ್ನು ಏರಿಸುವುದೂ ಇಳಿಸುವುದೂ ಇಂದು ಒಂದು ಗುಂಡಿಯ ಕೆಲಸ. ಕಟ್ಟಿದವನು ಒಮ್ಮೆ ಬದಲಿಸಿರಬಹುದು. ಹಾಡುವವರು ತಮ್ಮ ಕಂಠಕ್ಕೆ ಹೊಂದಲೆಂದು ಮತ್ತೊಮ್ಮೆ ಬದಲಿಸಿರಬಹುದು. ಕಟ್ಟಿದ ಟ್ರ್ಯಾಕಿನ ಶ್ರುತಿ ಯಾರ ಪರವಾಗಿಯೂ ಸಾಕ್ಷಿ ಹೇಳಲಾರದು.

ಸಾಕ್ಷಿ ಸಿಕ್ಕಿದ್ದು ನಾವು ಮೊದಲೇ ನೋಡಬೇಕಾಗಿದ್ದ ಎಡೆಯಲ್ಲಿ. ಏಳನೆಯ ಕಡತವನ್ನೇ ಮತ್ತೆ ಮತ್ತೆ ಕೇಳುತ್ತ, ಅದರ ನೆರೆಹೊರೆಯನ್ನು ನಾನು ನೋಡಿರಲಿಲ್ಲ. ಕಂಪ್ಯೂಟರಿನಲ್ಲಿ ಪೆನ್ ಡ್ರೈವನ್ನು ತೆರೆದು, ಕಡತಗಳ ವಿವರದಲ್ಲಿ `Date created` ಎಂಬ ಅಂಕಣವನ್ನು ತೋರಿಸುವಂತೆ ಮಾಡಿದರೆ, ಯಾವ ಕಡತ ಆ ಡ್ರೈವಿಗೆ ಎಂದು ಬಂದಿತೆಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಹನ್ನೊಂದು ಕಡತಗಳು ಒಂದೇ ಸಂಜೆ, ಕೆಲವೇ ನಿಮಿಷಗಳ ಅಂತರದಲ್ಲಿ ಬಂದಿದ್ದವು. ಏಳನೆಯದು ಅವುಗಳ ನಡುವಿನದು. ಉಳಿದ ಹತ್ತರಲ್ಲಿ ಎಂಟರ ಒಳವಿವರದಲ್ಲಿ ಹಾಡಿನ ಹೆಸರು ಇತ್ತು. ಎಂಟೂ ಪಿ.ಬಿ. ಶ್ರೀನಿವಾಸ್ ಅವರು ಕನ್ನಡದಲ್ಲಿ ಹಾಡಿದ ಗೀತೆಗಳು. ತೆಲುಗು ಒಂದೂ ಇರಲಿಲ್ಲ.

ಇದು ಬಲವಾದ ಸಾಕ್ಷ್ಯವೇ ಹೊರತು ಪ್ರಮಾಣವಲ್ಲ. ಅವರ ಮನಸ್ಸಿನಲ್ಲಿದ್ದ ಮಾತುಗಳನ್ನು ಯಾವ ಕಡತವೂ ಬರೆದಿಟ್ಟಿಲ್ಲ. ಆದರೆ ಆ ತಾಯಿಗೆ ಅಷ್ಟು ಸಾಕಾಯಿತು. "ಕನ್ನಡವೇ ಇರಬೇಕು. ಆ ಶ್ರೀನಿವಾಸರ ಹಾಡೆಂದರೆ ಊಟ ಬಿಡುತ್ತಿದ್ದರು" ಎಂದರು. ಆ ಶ್ರೀನಿವಾಸರು ಹುಟ್ಟಿದ್ದು ಕಾಕಿನಾಡದಲ್ಲಿ ಎಂದು ಟೀಚರಮ್ಮ ನೆನಪಿಸಿದಾಗ, ತೆಲುಗಿನ ಪಕ್ಷದವರೂ ನಕ್ಕು ರಾಜಿಯಾದರು.

ಇದರಿಂದ ನಾನು ಕಲಿತ ಅನುಕ್ರಮವನ್ನು ಹೇಳಿಬಿಡುತ್ತೇನೆ. ಮೊದಲು ಕಡತದ ಒಳವಿವರವನ್ನೂ ಅದರ ಜೊತೆಯ ಕಡತಗಳನ್ನೂ ನೋಡತಕ್ಕದ್ದು. ಕೊನೆಯವರೆಗೆ ಕೇಳತಕ್ಕದ್ದು, ಕಟ್ಟಿದವರು ಕೆಲವೊಮ್ಮೆ ತಮ್ಮ ಹೆಸರನ್ನು ದನಿಯಲ್ಲಿ ಸೇರಿಸಿರುತ್ತಾರೆ, ಅವರ ಪಟ್ಟಿಯನ್ನು ಹುಡುಕಿದರೆ ಅರ್ಧ ಕೆಲಸ ಮುಗಿಯುತ್ತದೆ. ಆಮೇಲೆ ಹೆಡ್‌ಫೋನಿನಲ್ಲಿ ಕಂಠದ ನೆರಳನ್ನು ಅರಸತಕ್ಕದ್ದು. ನೆರಳಿದ್ದರೆ ನಡುಸಂಗೀತದಲ್ಲಿ ಶಾಜಾಮನ್ನು ಹಿಡಿಯುವುದು. ಇಲ್ಲದಿದ್ದರೆ ಹಿರಿಯರೊಬ್ಬರಿಂದ ಗುನುಗಿಸುವುದು. ಬಂದ ಹೆಸರನ್ನು ನಡುಸಂಗೀತದಿಂದಲೂ ಚರಣದ ಲೆಕ್ಕದಿಂದಲೂ ಒರೆಗೆ ಹಚ್ಚುವುದು. ಕೊನೆಗೆ ಅದೇ ಮಟ್ಟು ಇನ್ನೊಂದು ಭಾಷೆಯಲ್ಲಿ ಉಂಟೇ ಎಂದು ಸಂಗೀತ ನಿರ್ದೇಶಕರ ಹೆಸರಿನ ಜಾಡು ಹಿಡಿದು ನೋಡುವುದು.

ಈ ಕೊನೆಯ ಹೆಜ್ಜೆಯಿಂದ ಇನ್ನೊಂದು ಲಾಭವಿದೆ. ಕನ್ನಡದ ಹೆಸರಿನಲ್ಲಿ ಒಳ್ಳೆಯ ಟ್ರ್ಯಾಕು ಸಿಕ್ಕದಿದ್ದಾಗ ಅದೇ ಮಟ್ಟಿನ ತೆಲುಗು ಹೆಸರಿನಲ್ಲಿ ಹುಡುಕಬಹುದು. ಸಿಕ್ಕಿದ್ದರ ಚರಣದ ಲೆಕ್ಕವನ್ನು ನೋಡಿ, ಶ್ರುತಿಯನ್ನು ಹೊಂದಿಸಿಕೊಂಡರೆ ಕನ್ನಡದ ಮಾತುಗಳನ್ನು ಅದರ ಮೇಲೆ ಹಾಡಲು ಅಡ್ಡಿಯಿಲ್ಲ.

ಈ ಕ್ರಮ ಎಲ್ಲ ಕಡೆಯೂ ನಡೆಯುವುದಿಲ್ಲವೆಂಬುದನ್ನೂ ಹೇಳಬೇಕು. ಗುನುಗನ್ನು ಕೇಳುವ ಯಂತ್ರ ತನ್ನ ಭಂಡಾರದಲ್ಲಿರುವ ಹಾಡನ್ನು ಮಾತ್ರ ಹೇಳಬಲ್ಲದು. ನಮ್ಮ ಊರುಗಳ ಭಜನೆಯ ಪದ, ಸೋಬಾನೆ, ಕೋಲಾಟದ ಹಾಡು ಅಲ್ಲಿ ಇರುವ ಸಂಭವ ಕಡಿಮೆ. ಆದರೂ ಅದು ಸುಮ್ಮನಿರದೆ ಹೋಲುವ ಯಾವುದೋ ಸಿನಿಮಾ ಹಾಡಿನ ಹೆಸರನ್ನು ಹೇಳೀತು. ಗುನುಗುವವರನ್ನು ಬದಲಿಸಿ ಎರಡು ಮೂರು ಸಲ ಕೇಳಿದಾಗ ಪ್ರತಿ ಸಲವೂ ಬೇರೆ ಬೇರೆ ಹೆಸರು ಬಂದರೆ, ಅದಕ್ಕೆ ತಿಳಿದಿಲ್ಲವೆಂದೇ ತಿಳಿಯಬೇಕು. ಭಾವಗೀತೆಗಳಲ್ಲಿ ತೊಡಕು ತಿರುಗುಮುರುಗು: ಒಂದೇ ಕವಿತೆಗೆ ಇಬ್ಬರು ಮೂವರು ಬೇರೆ ಬೇರೆ ಮಟ್ಟು ಹಾಕಿರುತ್ತಾರೆ. ಅಲ್ಲಿ ಕವಿತೆಯ ಹೆಸರು ತಿಳಿದರೂ ಯಾರ ಸಂಯೋಜನೆಯೆಂಬುದು ತಿಳಿಯದೆ ಟ್ರ್ಯಾಕು ಹೊಂದುವುದಿಲ್ಲ.

ಸಭಿಕರಲ್ಲಿ ನನ್ನದೊಂದು ವಿನಂತಿ. ತಮ್ಮ ಮನೆಯಲ್ಲಿರುವ ಟ್ರ್ಯಾಕುಗಳ ಹೆಸರನ್ನು ದಯವಿಟ್ಟು ಇಂದೇ ಬದಲಿಸಿರಿ. ಹಾಡಿನ ಮೊದಲ ಮಾತು, ಚಿತ್ರ, ವರ್ಷ, ಭಾಷೆ, ತಾವು ಹಾಡುವ ಶ್ರುತಿ, ಈ ಐದನ್ನು ಕಡತದ ಹೆಸರಿನಲ್ಲಿಯೇ ಬರೆದಿಡಿರಿ. ಒಂದು ಟ್ರ್ಯಾಕಿಗೆ ಒಂದು ನಿಮಿಷವೂ ಹಿಡಿಯದು. ಆ ಒಂದು ನಿಮಿಷದ ಬರಹ ಇಲ್ಲದ್ದರಿಂದ ನಾವು ನಾಲ್ವರು ಒಂಬತ್ತು ದಿನ ಅರಸಬೇಕಾಯಿತು.

ಈ ಸಂಜೆಯ ಗೀತಗಾಯನದಲ್ಲಿ ಆ ಏಳನೆಯ ಟ್ರ್ಯಾಕು ನುಡಿಯಲಿದೆ. ಆ ತಾಯಿ ತಮ್ಮ ಪಾಲಿನ ಸಾಲುಗಳನ್ನು ಟೀಚರಮ್ಮನಿಂದ ಕಲಿತಿದ್ದಾರೆ. ಇನ್ನೊಂದು ಪಾಲನ್ನು ಯಾರು ಹಾಡಬೇಕೆಂದು ಕೇಳಿದಾಗ, ಅಲ್ಲಿ ವಾದ್ಯ ಮಾತ್ರ ನುಡಿಯಲಿ ಎಂದರು. ಆ ಸಾಲುಗಳು ಬರುವಾಗ ಹಾಡು ನಿಂತಿತೆಂದು ತಿಳಿದು ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಬಾರದೆಂದು ಪ್ರಾರ್ಥಿಸುತ್ತೇನೆ.